ಹಲವು ಕೈಗಳ ಫೋನಿಗೆ ಎಂಥ ಬೀಗ?

ಬೀದರ್‌ನ ಗಾಂಧಿ ಗಂಜ್‌ನಲ್ಲಿ ತೊಗರಿ, ಸೋಯಾ ಮಾರಿದ ಹಣ, ಔರಾದ ತಾಲ್ಲೂಕಿನ ಮನೆಯೊಡತಿಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿ, ಭಾಲ್ಕಿಯಿಂದ ಹೈದರಾಬಾದಿಗೋ ಪುಣೆಗೋ ದುಡಿಯಲು ಹೋದ ಮಗ ತಿಂಗಳಿಗೊಮ್ಮೆ ಕಳಿಸುವ ದುಡ್ಡು, ಎಲ್ಲ ಈಗ ಖಾತೆಗೇ ಬರುತ್ತದೆ. ಬಂದದ್ದು ಗೊತ್ತಾಗುವುದು ಫೋನಿನಲ್ಲಿ, ಖರ್ಚಾಗುವುದೂ ಫೋನಿನಿಂದಲೇ. ಆದರೆ ಆ ಫೋನು ಒಬ್ಬರ ಕೈಯಲ್ಲೇ ಇರುವುದಿಲ್ಲ. ಸಂಜೆಯಾದರೆ ಮಗು "ಅವ್ವಾ, ಫೋನ್ ಕೊಡು, ಗೇಮ್ ಆಡ್ತೀನಿ" ಎಂದು ಕಿತ್ತುಕೊಳ್ಳುತ್ತದೆ. ರೀಚಾರ್ಜ್ ಮಾಡಿಸಲು ಮೈದುನ ಒಯ್ಯುತ್ತಾನೆ. ಪರದೆ ಒಡೆದರೆ ಬೀದರ್‌ನ ರಿಪೇರಿ ಅಂಗಡಿಯಲ್ಲಿ ಎರಡು ದಿನ ಬಿಟ್ಟು ಬರಬೇಕಾಗುತ್ತದೆ, ಜೊತೆಗೆ ಚೀಟಿಯಲ್ಲಿ ಪಿನ್ ಬರೆದೂ ಕೊಡಬೇಕಾಗುತ್ತದೆ.

ಆದ್ದರಿಂದ ಒಂದೊಂದು ಆ್ಯಪಿಗೂ ಬೇರೆ ಬೀಗ ಹಾಕಬೇಕೆ, ಬ್ಯಾಂಕು ಮತ್ತು ಚಾಟ್ ಆ್ಯಪ್‌ಗಳನ್ನು ಫೋನಿನೊಳಗೇ ಪ್ರತ್ಯೇಕ ಖಾಸಗಿ ಜಾಗದಲ್ಲಿ ಇಡಬೇಕೆ ಎಂಬ ಪ್ರಶ್ನೆ ಇಲ್ಲಿ ನಗರಗಳಲ್ಲಿ ಕೇಳುವುದಕ್ಕಿಂತ ಬೇರೆ ಅರ್ಥದಲ್ಲಿ ಬರುತ್ತದೆ. ಸುರಕ್ಷತೆಯ ಲೇಖನಗಳೆಲ್ಲ ದೂರದ ಕಳ್ಳನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಆ್ಯಪ್ ಬೀಗ ಮಾತ್ರ ಹತ್ತಿರದವರಿಗಾಗಿ ಇರುವುದು. ಫೋನನ್ನು ನಾವೇ ತೆರೆದು ಯಾರ ಕೈಗೆ ಕೊಡುತ್ತೇವೋ ಅವರಿಗಾಗಿ. ಇದನ್ನು ಒಪ್ಪಿಕೊಂಡರೆ ಯಾವ ಬೀಗ ಕೆಲಸಕ್ಕೆ ಬರುತ್ತದೆ, ಯಾವುದು ಹೆಸರಿಗೆ ಮಾತ್ರ ಎಂಬುದನ್ನು ತೂಗಿ ನೋಡುವುದು ಸುಲಭ.

ಮೊದಲು ಬೆರಳಿನ ವಿಚಾರ. ನಮ್ಮ ಕಡೆ ಬೆರಳಚ್ಚು ಎಂದೊಡನೆ ಜನರ ಮನಸ್ಸಿಗೆ ಬರುವುದು ನ್ಯಾಯಬೆಲೆ ಅಂಗಡಿಯ ಯಂತ್ರ, ಹಳ್ಳಿಗೆ ಬರುವ ಬ್ಯಾಂಕ್ ಮಿತ್ರನ ಯಂತ್ರ. ಅಲ್ಲಿ ಇಟ್ಟ ಹೆಬ್ಬೆಟ್ಟು ದೂರದ ಆಧಾರ್ ಭಂಡಾರದಲ್ಲಿರುವ ಅಚ್ಚಿನೊಡನೆ ತಾಳೆಯಾಗುತ್ತದೆ, ತಾಳೆಯಾದರೆ ಅಕ್ಕಿಯೋ ಹಣವೋ ಸಿಗುತ್ತದೆ. ಹಾಗಾಗಿ ಫೋನಿಗೆ ಬೆರಳು ಕೊಟ್ಟರೆ ಅದೂ ಎಲ್ಲೋ ಹೋಗಿ ಯಾರೋ ಹಣ ತೆಗೆದಾರು ಎಂಬ ಭಯ ಹಲವರಿಗೆ ಇದೆ. ಭಯಕ್ಕೆ ಕಾರಣವೂ ಇದೆ. 2023ರಲ್ಲಿ ಬೆಂಗಳೂರಿನ ಕಡೆ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ ಆಧಾರ್ ಮೂಲಕ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬಯಲಾಗಿದ್ದವು. ಆದರೆ ಫೋನಿನ ಬೆರಳಚ್ಚಿನ ವ್ಯವಸ್ಥೆಯೇ ಬೇರೆ. ಬೆರಳಿನ ಚಿತ್ರದಿಂದ ಫೋನು ಒಂದು ಗಣಿತದ ಗುರುತನ್ನು ಮಾಡಿಕೊಂಡು, ಪ್ರೊಸೆಸರಿನೊಳಗಿನ ಪ್ರತ್ಯೇಕ ಸುರಕ್ಷಿತ ಭಾಗದಲ್ಲಿ ಇಟ್ಟುಕೊಳ್ಳುತ್ತದೆ. ಅದು ಅಲ್ಲಿಂದ ಹೊರಬರುವುದಿಲ್ಲ. ಬ್ಯಾಂಕಿನ ಆ್ಯಪ್ "ಬೆರಳು ಹೊಂದಿತೆ?" ಎಂದು ಕೇಳುತ್ತದೆ, ಫೋನು ಹೌದು ಅಥವಾ ಇಲ್ಲ ಎನ್ನುತ್ತದೆ. ಬ್ಯಾಂಕಿಗೂ ವಾಟ್ಸ್ಆ್ಯಪಿಗೂ ನಿಮ್ಮ ಬೆರಳು ಎಂದೂ ಕಾಣುವುದಿಲ್ಲ. ಆಧಾರ್ ಬೆರಳಚ್ಚಿನ ದುರುಪಯೋಗದ ಭಯವಿದ್ದವರು ಎಂಆಧಾರ್ ಆ್ಯಪಿನಲ್ಲಿ ಅದನ್ನು ಲಾಕ್ ಮಾಡಿಟ್ಟು, ರೇಷನ್ ತರುವ ದಿನ ತೆರೆಯಬಹುದು. ಫೋನಿನ ಬೆರಳಿಗೂ ಅದಕ್ಕೂ ಸಂಬಂಧವಿಲ್ಲ.

"ಹೌದು ಅಥವಾ ಇಲ್ಲ" ಎಂಬ ಆ ಉತ್ತರದಲ್ಲೇ ಒಂದು ತೊಡಕಿದೆ. ಫೋನು ಹೇಳುವುದು ಇಷ್ಟೇ: ಇದು ನನ್ನಲ್ಲಿ ದಾಖಲಾದ ಬೆರಳುಗಳಲ್ಲಿ ಒಂದು. ಯಾರ ಬೆರಳು ಎಂದು ಅದು ಹೇಳುವುದಿಲ್ಲ. ಹೊಸ ಫೋನು ಬಂದ ದಿನ ಮಗ ತನ್ನ ಬೆರಳನ್ನೂ ಹಾಕಿಕೊಂಡಿರುತ್ತಾನೆ, ಗಂಡನದೂ ಸೇರಿರುತ್ತದೆ. ಆ ಮೇಲೆ ಫೋನ್‌ಪೇಗೋ ವಾಟ್ಸ್ಆ್ಯಪಿಗೋ ಬೆರಳಿನ ಬೀಗ ಹಾಕಿದರೆ ಅದು ಮೂವರಿಗೂ ತೆರೆಯುತ್ತದೆ. 2025ರ ಅಕ್ಟೋಬರ್‌ನಿಂದ ಈ ಮಾತಿಗೆ ತೂಕ ಹೆಚ್ಚಿದೆ. ಯುಪಿಐ ಪಿನ್ನಿನ ಬದಲು ಫೋನಿನ ಬೆರಳಚ್ಚನ್ನೇ ಬಳಸುವ ಸೌಲಭ್ಯವನ್ನು ಎನ್‌ಪಿಸಿಐ ಆಗ ಪ್ರಕಟಿಸಿತು, ಆರಂಭದ ಮಿತಿ ಒಂದು ಸಲಕ್ಕೆ 5,000 ರೂಪಾಯಿ. ನಾವೇ ಒಪ್ಪಿ ಚಾಲೂ ಮಾಡಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಚಾಲೂ ಮಾಡುವ ಮೊದಲು Settings ತೆರೆದು ಎಷ್ಟು ಬೆರಳು ದಾಖಲಾಗಿವೆ ಎಂದು ಎಣಿಸಿ. ನಿಮ್ಮದಲ್ಲದ್ದನ್ನು ಅಳಿಸಿ. ಯಾವುದು ಯಾರದೆಂದು ತಿಳಿಯದಿದ್ದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದೇ ಸರಿ.

ಇನ್ನೊಂದು ತೊಂದರೆ ದುಡಿಯುವ ಕೈಗಳದು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಬೀಳದೆ ವಾಪಸಾಗುವ ಮುದುಕರನ್ನು ನಾವು ನೋಡಿಯೇ ಇದ್ದೇವೆ. ಕಬ್ಬು ಕಡಿಯುವವರ, ಕಳೆ ಕೀಳುವವರ, ಪಾತ್ರೆ ತಿಕ್ಕುವವರ ಬೆರಳಿನ ಗೆರೆಗಳು ಸವೆದಿರುತ್ತವೆ. ಸತು ತಾಮ್ರದ ಎರಕಕ್ಕೆ ಅರ ಹಾಕಿ, ಕೋಟೆಯ ಮಣ್ಣಿನ ಮಿಶ್ರಣದಲ್ಲಿ ಅದ್ದಿ ಕಪ್ಪು ಬರಿಸುವ ಬಿದ್ರಿ ಕುಶಲಕರ್ಮಿಗಳ ಬೆರಳುಗಳೂ ಹಾಗೆಯೇ. ಇಂಥವರಿಗೆ ಬೆರಳಿನ ಬೀಗ ಐದು ಸಲ ಬೇಡವೆಂದರೆ ಆಂಡ್ರಾಯ್ಡ್ ಕನಿಷ್ಠ ಮೂವತ್ತು ಸೆಕೆಂಡು ಬೆರಳನ್ನೇ ಕೇಳದೆ ಕೂರುತ್ತದೆ. ಪರಿಹಾರ ಕಷ್ಟವಲ್ಲ. ಕಡಿಮೆ ದುಡಿಯುವ ಕೈಯ ಬೆರಳನ್ನು ಆರಿಸಿ, ಅದೇ ಬೆರಳನ್ನು ಎರಡು ಸಲ ದಾಖಲಿಸಿ. ಒಮ್ಮೆ ಕೈ ತೊಳೆದು ಒಣಗಿಸಿಕೊಂಡು, ಇನ್ನೊಮ್ಮೆ ಕೆಲಸ ಮುಗಿಸಿ ಬಂದ ಸ್ಥಿತಿಯಲ್ಲಿ. ದಾಖಲಿಸುವಾಗ ಬೆರಳಿನ ಅಂಚುಗಳನ್ನೂ ತಾಗಿಸಿ. ಹೊಸದಾಗಿ ಕೊಳ್ಳುವವರಾದರೆ ಪರದೆಯೊಳಗೆ ಸಂವೇದಕವಿರುವ ಫೋನಿಗಿಂತ ಪಕ್ಕದ ಗುಂಡಿಯಲ್ಲಿ ಸಂವೇದಕವಿರುವುದನ್ನು ನೋಡಬಹುದು. ಪರದೆಯ ಮೇಲೆ ಅಂಟಿಸುವ ಗಾಜು ಅದಕ್ಕೆ ಅಡ್ಡ ಬರುವುದಿಲ್ಲ. ಗಾಜಿನ ಮಾತು ಸಣ್ಣದಲ್ಲ. 2019ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್10 ಫೋನಿಗೆ ಸಿಲಿಕೋನ್ ಹೊದಿಕೆ ಹಾಕಿದರೆ ದಾಖಲಾಗದ ಬೆರಳಿಗೂ ತೆರೆಯುತ್ತಿತ್ತು. ಕಂಪನಿ ತಿದ್ದುಪಡಿ ಕಳಿಸಬೇಕಾಯಿತು. ಹೊಸ ಗಾಜು ಹಾಕಿಸಿದ ದಿನ ಅಂಗಡಿಯಲ್ಲೇ ಇನ್ನೊಬ್ಬರ ಬೆರಳಿಟ್ಟು ನೋಡುವುದು ಅರ್ಧ ನಿಮಿಷದ ಕೆಲಸ.

ಮುಖ ನೋಡಿ ತೆರೆಯುವ ಬೀಗವನ್ನು ಆ್ಯಪ್‌ಗಳಿಗೆ ಬಳಸಬೇಡಿ ಎಂದೇ ನನ್ನ ಸಲಹೆ. ಆ್ಯಪಲ್‌ನ ಫೇಸ್ ಐಡಿ ಮುಖದ ಆಳವನ್ನೂ ಅಳೆಯುತ್ತದೆ. ಆದರೆ ಕಡಿಮೆ ಬೆಲೆಯ ಬಹುಪಾಲು ಆಂಡ್ರಾಯ್ಡ್ ಫೋನುಗಳು ಮುಂದಿನ ಕ್ಯಾಮೆರಾದ ಚಪ್ಪಟೆ ಚಿತ್ರವನ್ನಷ್ಟೇ ನೋಡುತ್ತವೆ. ಹಾಗಾಗಿಯೇ ಬ್ಯಾಂಕ್ ಆ್ಯಪ್‌ಗಳು ಅದನ್ನು ನಂಬುವುದಿಲ್ಲ.

ಇನ್ನು ಬೀಗಗಳ ಬಗೆಗೆ ಬರೋಣ. ಮೂರು ಕಡೆ ಅವು ಸಿಗುತ್ತವೆ. ಆ್ಯಪಿನೊಳಗೇ ಇರುವುದು ಒಂದು. ವಾಟ್ಸ್ಆ್ಯಪ್ ಆಂಡ್ರಾಯ್ಡ್‌ನಲ್ಲಿ 2019ರಲ್ಲೇ ಇದನ್ನು ಕೊಟ್ಟಿತು. ಫೋನು ತಯಾರಿಸಿದ ಕಂಪನಿ ಕೊಡುವುದು ಎರಡನೆಯದು. ಶಿಯೋಮಿ, ವಿವೊ, ಒಪ್ಪೊ, ರಿಯಲ್‌ಮಿ ಫೋನುಗಳ Settings ಒಳಗೆ App lock ಎಂದು ಹುಡುಕಿದರೆ ಸಿಗುತ್ತದೆ, ಯಾವ ಆ್ಯಪನ್ನಾದರೂ ಅದರ ಕೆಳಗೆ ತರಬಹುದು. ಐಫೋನಿನಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಬಂದ ಐಓಎಸ್ 18ರಿಂದ ಆ್ಯಪಿನ ಚಿತ್ರವನ್ನು ಒತ್ತಿ ಹಿಡಿದರೆ ಬೀಗದ ಆಯ್ಕೆ ಬರುತ್ತದೆ. ಮೂರನೆಯದು ಖಾಸಗಿ ಜಾಗ. ಅದೇ 2024ರಲ್ಲಿ ಬಂದ ಆಂಡ್ರಾಯ್ಡ್ 15ರಲ್ಲಿ ಅದರ ಹೆಸರು Private space. ಸ್ಯಾಮ್‌ಸಂಗ್‌ನಲ್ಲಿ ಅದೇ ಕೆಲಸ ಮಾಡುವ Secure Folder ಅದಕ್ಕಿಂತ ಮೊದಲೇ ಇತ್ತು, ಕಡಿಮೆ ಬೆಲೆಯ ಕೆಲವು ಮಾದರಿಗಳಲ್ಲಿ ಮಾತ್ರ ಇಲ್ಲ. ಶಿಯೋಮಿಯಲ್ಲಿ Second space ಇದೆ.

ಪ್ಲೇ ಸ್ಟೋರಿನಲ್ಲಿ ಆ್ಯಪ್ ಲಾಕ್ ಎಂಬ ಹೆಸರಿನಲ್ಲಿ ಪುಕ್ಕಟೆ ಸಿಗುವವುಗಳನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಬೇರೆ ಆ್ಯಪಿನ ಮುಂದೆ ಪರದೆ ಹಿಡಿಯಲು ಅವು Accessibility ಅನುಮತಿಯನ್ನೂ ಎಲ್ಲದರ ಮೇಲೆ ತೋರುವ ಅನುಮತಿಯನ್ನೂ ಕೇಳುತ್ತವೆ. ಪರದೆಯಲ್ಲಿ ಬರುವುದನ್ನೆಲ್ಲ ಓದಬಲ್ಲ ಅನುಮತಿ ಅದು. ಕೆಲವು ಬ್ಯಾಂಕ್ ಆ್ಯಪ್‌ಗಳು ಅಂಥ ಅನುಮತಿ ಪಡೆದ ಅಪರಿಚಿತ ಆ್ಯಪ್ ಫೋನಿನಲ್ಲಿದ್ದರೆ ತೆರೆಯಲೇ ಒಪ್ಪುವುದಿಲ್ಲ. ಇಷ್ಟಾದರೂ, ಆ ಬೀಗದ ಆ್ಯಪನ್ನು Settings ಒಳಗೆ ಹೋಗಿ Force stop ಒತ್ತಿದರೆ ಬೀಗ ಬಿದ್ದುಹೋಗುವುದೇ ಹೆಚ್ಚು.

ಮೂರೂ ಬಗೆಯ ಬೀಗಗಳಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಬೆರಳು ಒಪ್ಪದಿದ್ದಾಗ ಅದು ಏನನ್ನು ಕೇಳುತ್ತದೆ? ಹೆಚ್ಚಿನ ಬೀಗಗಳು ಫೋನಿನ ಪರದೆಯ ಪಿನ್ನನ್ನೇ ಕೇಳುತ್ತವೆ. ಫೋನಿನ ಪಿನ್ ಮಕ್ಕಳಿಗೂ ಗೊತ್ತು, ಮೈದುನನಿಗೂ ಗೊತ್ತು, ರಿಪೇರಿ ಅಂಗಡಿಯ ಚೀಟಿಯಲ್ಲೂ ಇದೆ. ಪಿನ್ ಗೊತ್ತಿದ್ದವರು ಬೇಕೆಂದರೆ ತಮ್ಮ ಬೆರಳನ್ನು ಹೊಸದಾಗಿ ಸೇರಿಸಿಯೂ ಬಿಡಬಹುದು. ಇದನ್ನು ತಿಳಿದೇ ಎಷ್ಟೋ ಬ್ಯಾಂಕ್ ಆ್ಯಪ್‌ಗಳು ಫೋನಿಗೆ ಹೊಸ ಬೆರಳು ಸೇರಿದ ಕೂಡಲೇ ಬೆರಳಿನ ಪ್ರವೇಶವನ್ನು ರದ್ದು ಮಾಡಿ ತಮ್ಮದೇ ಎಂಪಿನ್ ಕೇಳುತ್ತವೆ. ನೀವು ಏನೂ ಬದಲಿಸದೆ ಇದ್ದರೂ ಬ್ಯಾಂಕ್ ಆ್ಯಪ್ ಒಂದು ದಿನ ಹೀಗೆ ಬೆರಳು ಬೇಡವೆಂದರೆ ಯಾರಾದರೂ ಹೊಸ ಬೆರಳು ಸೇರಿಸಿರಬಹುದೆ ಎಂದು ಮೊದಲು ನೋಡಿ. ಫೋನು ಆಗಾಗ ಪಿನ್ ಕೇಳುವುದು ಮಾತ್ರ ಅನುಮಾನದ ಸಂಗತಿಯಲ್ಲ. ಆಫ್ ಮಾಡಿ ಆನ್ ಮಾಡಿದಾಗ, ಪಿನ್ ಹಾಕಿ ಮೂರು ದಿನವಾದಾಗ ಆಂಡ್ರಾಯ್ಡ್ ಅದನ್ನು ಕೇಳಿಯೇ ಕೇಳುತ್ತದೆ.

ಆದ್ದರಿಂದ ಎಲ್ಲರಿಗೂ ಗೊತ್ತಿರುವ ಪಿನ್ನಿನ ಮೇಲೆ ಹಾಕಿದ ಆ್ಯಪ್ ಬೀಗ ಮಕ್ಕಳನ್ನು ತಡೆಯುತ್ತದೆಯೇ ಹೊರತು ಮನಸ್ಸು ಮಾಡಿದ ದೊಡ್ಡವರನ್ನಲ್ಲ. ಶಿಯೋಮಿಯಂಥ ಕೆಲವು ಫೋನುಗಳು ಆ್ಯಪ್ ಬೀಗಕ್ಕೆ ಫೋನಿನದಲ್ಲದ ಬೇರೆ ಗುಪ್ತಪದ ಇಡಲು ಬಿಡುತ್ತವೆ. ಬಿಟ್ಟರೆ ಬೇರೆಯದನ್ನೇ ಇಡಿ. ಖಾಸಗಿ ಜಾಗದ ನಿಜವಾದ ಬೆಲೆಯೂ ಇಲ್ಲೇ ಇದೆ. ಅದನ್ನು ತೆರೆಯಲು ಫೋನಿನದಲ್ಲದ ಬೇರೆ ಪಿನ್ ಇಡಬಹುದು.

ಒಂದು ಮನೆಯನ್ನು ಊಹಿಸಿಕೊಂಡು ಇದನ್ನು ಪೂರ್ತಿ ಮಾಡಿ ನೋಡೋಣ. ಔರಾದ ತಾಲ್ಲೂಕಿನ ಹಳ್ಳಿ. ಸ್ವಸಹಾಯ ಸಂಘದ ಲೆಕ್ಕ ನೋಡುವ ಹೆಣ್ಣುಮಗಳು. ಸಂಘದ ಖಾತೆ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕಿನಲ್ಲಿ, ತನ್ನ ಖಾತೆ ಗ್ರಾಮೀಣ ಬ್ಯಾಂಕಿನಲ್ಲಿ. ಫೋನಿನಲ್ಲಿ ಆಂಡ್ರಾಯ್ಡ್ 15 ಇದೆ. ಬೀದರ್‌ನಲ್ಲಿ ಪಿಯುಸಿ ಓದುವ ಮಗ ಅದನ್ನು ತಂದು ಸಿದ್ಧಮಾಡಿ ಕೊಟ್ಟಿದ್ದಾನೆ. ಪಿನ್ ಮನೆಯ ಎಲ್ಲರಿಗೂ ಗೊತ್ತು, ಅದನ್ನು ಬದಲಿಸಿದರೆ ಮನೆಯಲ್ಲಿ ಪ್ರಶ್ನೆ ಏಳುತ್ತದೆ. ಇಂಥ ಮನೆಗಳು ಎಷ್ಟೋ. ಪಿನ್ ಬದಲಿಸಿಬಿಡಿ ಎಂದು ಹೇಳಿ ಮುಗಿಸುವ ಸಲಹೆ ಅವರಿಗೆ ಸಲ್ಲುವುದಿಲ್ಲ.

ಆಕೆ ಹೋಗಬೇಕಾದ ದಾರಿ ಇದು:

```
Settings > Security & privacy > Private space
```

ಅಲ್ಲಿ ಮೊದಲು ಫೋನು ಗೂಗಲ್ ಖಾತೆ ಕೇಳುತ್ತದೆ. ಮಗ ಫೋನಿಗೆ ಹಾಕಿದ ಖಾತೆ ಇಲ್ಲಿಗೂ ಬೇಡ, ತನ್ನದೇ ಬೇರೊಂದು ಖಾತೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಳಗೆ ಹಾಕುವ ಆ್ಯಪ್‌ಗಳ ಸುಳಿವು ಹೊರಗಿನ ಖಾತೆಯ ಇತಿಹಾಸದಲ್ಲಿ ಕಾಣಿಸಬಹುದು. ಆಮೇಲೆ ಬೀಗದ ಆಯ್ಕೆ. ಫೋನಿನ ಬೀಗವನ್ನೇ ಬಳಸಲೇ ಎಂದು ಕೇಳಿದಾಗ ಬೇಡವೆಂದು ಹೊಸ ಪಿನ್ ಇಡಬೇಕು. ಬೆರಳಚ್ಚನ್ನು ಇಲ್ಲಿ ಸೇರಿಸದೆ ಬಿಡುವುದು ಆಕೆಯ ಸ್ಥಿತಿಗೆ ಮೇಲು, ಏಕೆಂದರೆ ಮಲಗಿದವರ ಬೆರಳನ್ನು ಫೋನಿಗೆ ತಾಗಿಸಬಹುದು, ಮನಸ್ಸಿನಲ್ಲಿರುವ ಪಿನ್ನನ್ನು ತೆಗೆಯಲಾಗದು. ಇಷ್ಟಾದರೆ ಆ್ಯಪ್‌ಗಳ ಪಟ್ಟಿಯ ಕೊನೆಯಲ್ಲಿ ಖಾಸಗಿ ಜಾಗ ಕಾಣಿಸಿಕೊಳ್ಳುತ್ತದೆ. ಬೀಗ ಬಿದ್ದಾಗ ಅದು ಕಾಣದಂತೆ ಮಾಡುವ ಆಯ್ಕೆಯೂ ಇದೆ. ಮಾಡಿದರೆ, ಹುಡುಕುವ ಪಟ್ಟಿಯಲ್ಲಿ private space ಎಂದು ಟೈಪು ಮಾಡಿದಾಗಲೇ ಅದು ಸಿಗುತ್ತದೆ. ತಾನಾಗಿ ಬೀಗ ಬೀಳುವುದು ಯಾವಾಗ ಎಂಬುದನ್ನೂ ಅಲ್ಲೇ ಆರಿಸಬೇಕು. ಫೋನಿನ ಪರದೆ ಲಾಕ್ ಆದ ಪ್ರತಿ ಸಲವೂ ಎಂಬುದನ್ನು ಒತ್ತಿ. ಫೋನು ಮತ್ತೆ ಆನ್ ಆದಾಗ ಮಾತ್ರ ಎಂಬ ಆಯ್ಕೆ ಈ ಮನೆಗೆ ಹೊಂದದು.

ಈಗ ಬ್ಯಾಂಕ್ ಆ್ಯಪ್. ಹೊರಗಿದ್ದ ಆ್ಯಪನ್ನು ಎತ್ತಿ ಒಳಗಿಡಲಾಗುವುದಿಲ್ಲ. ಖಾಸಗಿ ಜಾಗದೊಳಗಿನ ಪ್ಲೇ ಸ್ಟೋರಿನಿಂದ ಹೊಸ ಪ್ರತಿಯನ್ನೇ ಹಾಕಿಕೊಳ್ಳಬೇಕು, ಮೊದಲಿನಂತೆ ಸಿಮ್‌ನಿಂದ ಎಸ್ಎಂಎಸ್ ಹೋಗಿ ನೋಂದಣಿಯಾಗಬೇಕು. ಎಲ್ಲ ಬ್ಯಾಂಕುಗಳ ಆ್ಯಪೂ ಎಲ್ಲ ಫೋನುಗಳ ಖಾಸಗಿ ಜಾಗದಲ್ಲಿ ನಡೆಯುತ್ತದೆಂಬ ಖಾತ್ರಿ ಇಲ್ಲ. ಕೆಲವು, ತಾವು ಪ್ರತ್ಯೇಕ ಜಾಗದಲ್ಲಿ ಇದ್ದೇವೆಂದು ತಿಳಿದು ನೋಂದಣಿಯನ್ನೇ ನಿಲ್ಲಿಸಬಹುದು. ಆದ್ದರಿಂದ ಹೊರಗಿನ ಪ್ರತಿಯನ್ನು ಮೊದಲೇ ತೆಗೆಯಬಾರದು. ಒಳಗೆ ನೋಂದಣಿ ಮುಗಿದು, ಬಾಕಿ ಎಷ್ಟಿದೆ ಎಂದು ನೋಡಿ, ಹತ್ತು ರೂಪಾಯಿ ಯಾರಿಗಾದರೂ ಕಳಿಸಿ, ಅದು ತಲುಪಿದ ಮೇಲೆ ಹೊರಗಿನದನ್ನು ಅನ್‌ಇನ್‌ಸ್ಟಾಲ್ ಮಾಡಬೇಕು. ಒಳಗೆ ನಡೆಯದೇ ಹೋದರೆ ಹೊರಗೇ ಇಟ್ಟು ಬೇರೆ ಗುಪ್ತಪದದ ಆ್ಯಪ್ ಬೀಗ ಹಾಕುವುದು ಉಳಿದ ದಾರಿ.

ಚಾಟ್ ಆ್ಯಪನ್ನೂ ಒಳಗಿಡಬೇಕೆ? ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಬ್ಯಾಂಕು ಒಳಗೆ, ವಾಟ್ಸ್ಆ್ಯಪ್ ಹೊರಗೆ. ಖಾಸಗಿ ಜಾಗಕ್ಕೆ ಬೀಗ ಬಿದ್ದ ಕ್ಷಣ ಅದರೊಳಗಿನ ಆ್ಯಪ್‌ಗಳೆಲ್ಲ ನಿಂತುಹೋಗುತ್ತವೆ, ಅವುಗಳ ಸೂಚನೆಗಳೂ ಬರುವುದಿಲ್ಲ. ಬ್ಯಾಂಕ್ ಆ್ಯಪಿಗೆ ಅದರಿಂದ ನಷ್ಟವಿಲ್ಲ, ಬೇಕಾದಾಗ ತೆರೆದರೆ ಸಾಕು. ವಾಟ್ಸ್ಆ್ಯಪಿಗೆ ಮಾತ್ರ ಅದು ಬಾಯಿ ಕಟ್ಟಿದಂತೆ. ಸಂಘದ ಸಭೆ ನಾಳೆಗೆ ಹೋಯಿತೆಂಬ ಸಂದೇಶ, ಪುಣೆಯಿಂದ ಮಗಳು ಮಾಡಿದ ಕರೆ, ಎಲ್ಲ ಆಕೆ ಪಿನ್ ಹಾಕಿ ಒಳಹೊಗುವ ತನಕ ಬಾರದೆ ನಿಲ್ಲುತ್ತವೆ. ಅದೂ ಅಲ್ಲದೆ ಒಳಗಿನ ಹೊಸ ಪ್ರತಿಗೆ ಅದೇ ನಂಬರನ್ನು ನೋಂದಾಯಿಸಿದ ಕೂಡಲೇ ಹೊರಗಿನ ವಾಟ್ಸ್ಆ್ಯಪ್ ಕಳಚಿಕೊಳ್ಳುತ್ತದೆ. ಮನೆಯವರು ಮೊದಲು ಗಮನಿಸುವುದೇ ಅದನ್ನು.

ವಾಟ್ಸ್ಆ್ಯಪಿಗೆ ಅದರದೇ ಉಪಾಯವಿದೆ. ಇಡೀ ಆ್ಯಪಿಗೆ ಬೀಗ ಹಾಕುವುದಾದರೆ Settings ಒಳಗಿನ Privacy ಭಾಗದಲ್ಲಿ App lock ಇದೆ. ತಕ್ಷಣ, ಒಂದು ನಿಮಿಷದ ನಂತರ, ಅರ್ಧ ಗಂಟೆಯ ನಂತರ ಎಂದು ಮೂರು ಆಯ್ಕೆ. ಅರ್ಧ ಗಂಟೆ ಇಟ್ಟುಕೊಂಡರೆ ಚಾಟ್ ನೋಡಿ ಮಗುವಿಗೆ ಫೋನು ಕೊಟ್ಟಾಗ ಬೀಗವೇ ಬಿದ್ದಿರುವುದಿಲ್ಲ. ಬೀಗ ಬಿದ್ದಿದ್ದರೂ ಬಂದ ಕರೆಯನ್ನು ಯಾರಾದರೂ ಎತ್ತಬಹುದು. 2023ರ ಮೇ ತಿಂಗಳಲ್ಲಿ ಬಂದ ಚಾಟ್ ಲಾಕ್ ಇದಕ್ಕಿಂತ ಸೂಕ್ಷ್ಮವಾದದ್ದು. ಒಂದೇ ಒಂದು ಮಾತುಕತೆಯನ್ನು ಒತ್ತಿ ಹಿಡಿದು ಲಾಕ್ ಮಾಡಿದರೆ ಅದು ಪಟ್ಟಿಯಿಂದ ಎದ್ದು ಬೇರೆ ಕಡೆ ಹೋಗುತ್ತದೆ, ಅದರ ಸೂಚನೆಯಲ್ಲಿ ಕಳಿಸಿದವರ ಹೆಸರೂ ಮಾತೂ ಕಾಣುವುದಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಗುಪ್ತ ಸಂಕೇತ ಸೇರಿತು. ಅದನ್ನು ಇಟ್ಟರೆ ಬೀಗ ಹಾಕಿದ ಚಾಟ್‌ಗಳ ಕಡತವೇ ಮರೆಯಾಗುತ್ತದೆ, ಹುಡುಕುವ ಪಟ್ಟಿಯಲ್ಲಿ ಆ ಸಂಕೇತವನ್ನು ಬರೆದಾಗ ಮಾತ್ರ ತೋರುತ್ತದೆ. ಫೋನಿನ ಪಿನ್ ಎಲ್ಲರಿಗೂ ಗೊತ್ತಿರುವ ಮನೆಗೆ ಬೇಕಾದದ್ದು ಇದೇ. ಉಳಿದ ವಾಟ್ಸ್ಆ್ಯಪ್ ಎಲ್ಲರೂ ನೋಡುವಂತೆಯೇ ಇರುತ್ತದೆ, ಯಾರಿಗೂ ಬೀಗದ ಪರದೆ ಎದುರಾಗಿ ಸಂಶಯ ಬರುವುದಿಲ್ಲ.

ಇಷ್ಟು ಮಾಡಿಟ್ಟವರೂ ಸಾಮಾನ್ಯವಾಗಿ ಮರೆಯುವುದು ಸಂದೇಶಗಳ ಪೆಟ್ಟಿಗೆಯನ್ನು. ಬ್ಯಾಂಕ್ ಆ್ಯಪ್ ಖಾಸಗಿ ಜಾಗದಲ್ಲಿದ್ದರೂ ಬ್ಯಾಂಕಿನ ಎಸ್ಎಂಎಸ್ ಬರುವುದು ಹೊರಗಿನ ಮೆಸೇಜಿಗೇ. ಹಣ ಜಮೆಯಾದದ್ದು, ಖರ್ಚಾದದ್ದು, ಕೆಲವು ಬ್ಯಾಂಕುಗಳಲ್ಲಿ ಉಳಿದ ಬಾಕಿ ಕೂಡ ಅಲ್ಲಿ ಬರೆದಿರುತ್ತದೆ. ಹಣ ಇಲ್ಲವೆಂದು ಹೇಳಿ ಮಗಳ ಫೀಸಿಗೆ ಕೂಡಿಡುತ್ತಿರುವ ತಾಯಿಯ ಗುಟ್ಟು ಬ್ಯಾಂಕ್ ಆ್ಯಪಿನಿಂದಲ್ಲ, ಈ ಪೆಟ್ಟಿಗೆಯಿಂದ ಹೊರಬೀಳುತ್ತದೆ. ಮೆಸೇಜ್ ಆ್ಯಪಿಗೂ ಆ್ಯಪ್ ಬೀಗ ಹಾಕಿ. ಲಾಕ್ ಆದ ಪರದೆಯ ಮೇಲೆ ಸಂದೇಶದ ಒಳಮಾತು ಕಾಣದಂತೆ Notifications ಭಾಗದಲ್ಲಿ ಬದಲಿಸಿ. ಅದನ್ನು ಬದಲಿಸದಿದ್ದರೆ ಮೇಜಿನ ಮೇಲಿಟ್ಟ ಫೋನಿನಲ್ಲೇ ಓಟಿಪಿ ಓದಬಹುದು. ವಾಟ್ಸ್ಆ್ಯಪಿನ ಚಿತ್ರಗಳೂ ಹೀಗೆಯೇ. ಆ್ಯಪಿಗೆ ಬೀಗವಿದ್ದರೂ ಬಂದ ಫೋಟೋಗಳು ಗ್ಯಾಲರಿಯಲ್ಲಿ ಕೂರುತ್ತವೆ. ಪಾಸ್‌ಬುಕ್ಕಿನ ಫೋಟೋ, ಆಧಾರ್ ಫೋಟೋ ಇರುವುದೂ ಅಲ್ಲೇ. Media visibility ಆಫ್ ಮಾಡಿದರೆ ಮುಂದೆ ಬರುವವು ಅಲ್ಲಿಗೆ ಹೋಗವು, ಹಳೆಯವನ್ನು ಕೈಯಿಂದಲೇ ಅಳಿಸಬೇಕು. ಒಮ್ಮೆ Linked devices ಕೂಡ ತೆರೆದು ನೋಡಿ. ಭಾಲ್ಕಿಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟಿಗೆಂದು ಜೋಡಿಸಿದ ಕಂಪ್ಯೂಟರು ಇನ್ನೂ ಜೋಡಿಕೊಂಡೇ ಇದ್ದರೆ, ಫೋನಿನ ಯಾವ ಬೀಗವೂ ಅಲ್ಲಿಗೆ ಮುಟ್ಟುವುದಿಲ್ಲ.

ಯುಪಿಐ ಲೈಟ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಯುಪಿಐ ಪಿನ್ ಇದೆಯಲ್ಲ, ಆ್ಯಪಿಗೆ ಬೀಗ ಯಾಕೆ ಎನ್ನುವವರಿಗೆ ಇದೇ ಉತ್ತರ. ಲೈಟ್‌ನಲ್ಲಿ ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಇಲ್ಲದೆಯೇ ಹಣ ಹೋಗುತ್ತದೆ, 5,000ದವರೆಗೆ ಅದರಲ್ಲಿ ತುಂಬಿಡಬಹುದು. ಚಹಾ ಅಂಗಡಿಗೆ, ಆಟೋಗೆ ಅನುಕೂಲ. ಆದರೆ ಲೈಟ್ ಚಾಲೂ ಇದ್ದು ಆ್ಯಪಿಗೆ ಬೀಗವಿಲ್ಲದಿದ್ದರೆ, ಫೋನು ಹಿಡಿದ ಯಾರು ಬೇಕಾದರೂ ಅದನ್ನು ಖಾಲಿ ಮಾಡಬಹುದು. ಮಕ್ಕಳು ಗೇಮಿಗೆ ಹಾಕಿದ ಹಣ ಹೇಗೆ ಹೋಯಿತೆಂದು ತಿಳಿಯದೆ ಬ್ಯಾಂಕಿಗೆ ಓಡುವ ಮೊದಲು ಇದನ್ನು ನೋಡಿ.

ಎಲ್ಲಕ್ಕಿಂತ ದೊಡ್ಡ ಕಂಡಿ ಸಿಮ್ ಮತ್ತು ಎಟಿಎಂ ಕಾರ್ಡಿನದು. ತೆರೆದ ಫೋನು ಕೈಯಲ್ಲಿದ್ದವರು ಖಾಸಗಿ ಜಾಗವನ್ನು ಮುಟ್ಟಲೇ ಬೇಕಿಲ್ಲ. ಹೊರಗೆ ಹೊಸ ಯುಪಿಐ ಆ್ಯಪ್ ಹಾಕಿದರೆ ಎಸ್ಎಂಎಸ್ ಅದೇ ಸಿಮ್‌ನಿಂದ ಹೋಗುತ್ತದೆ, ಖಾತೆ ಕಾಣಿಸಿಕೊಳ್ಳುತ್ತದೆ. ಹಣ ಹೋಗಲು ಹಳೆಯ ಯುಪಿಐ ಪಿನ್ ಬೇಕು. ಆದರೆ ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು ಮತ್ತು ಓಟಿಪಿ ಇದ್ದರೆ ಹೊಸ ಪಿನ್ ಮಾಡಿಕೊಳ್ಳಬಹುದು. ಕೆಲವು ಬ್ಯಾಂಕುಗಳು ಇವುಗಳ ಜೊತೆಗೆ ಎಟಿಎಂ ಪಿನ್ನನ್ನೂ ಕೇಳುತ್ತವೆ. ಕಾರ್ಡು ಕಪಾಟಿನಲ್ಲಿ, ಓಟಿಪಿ ಅದೇ ಫೋನಿನಲ್ಲಿ. ಹಾಗಾಗಿ ಔರಾದದ ಆ ಮನೆಯಲ್ಲಿ ಖಾಸಗಿ ಜಾಗದಷ್ಟೇ ಮುಖ್ಯವಾದ ಕೆಲಸ ಕಾರ್ಡನ್ನು ಬೇರೆ ಕಡೆ ಇಡುವುದು, ಮೆಸೇಜಿಗೆ ಬೀಗ ಹಾಕುವುದು. ಇನ್ನೊಂದು ಆ್ಯಪಿನಿಂದ ನೋಂದಣಿಯಾದರೆ ಫೋನಿಗೆ ಬರುವ ಎಸ್ಎಂಎಸ್ ಅನ್ನು ಓದದೆ ತಳ್ಳಬೇಡಿ. ಯಾರಾದರೂ ಹೀಗೆ ಮಾಡಿದ್ದಾರೆಂದು ಗೊತ್ತಾಗುವುದು ಅದರಿಂದಲೇ.

ಈ ಬೀಗಗಳು ಎಲ್ಲಿ ಪೂರ್ತಿ ಸೋಲುತ್ತವೆ ಎಂಬುದನ್ನೂ ಹೇಳಬೇಕು. ವಾಹನದ ದಂಡ, ಪಿಎಂ ಕಿಸಾನ್ ಎಂಬ ಹೆಸರು ಹೊತ್ತು ವಾಟ್ಸ್ಆ್ಯಪಿನಲ್ಲಿ ಬರುವ .apk ಕಡತವನ್ನು ಒತ್ತಿ ಹಾಕಿಕೊಂಡರೆ, ಅದು ಎಸ್ಎಂಎಸ್‌ಗಳನ್ನು ಕದ್ದು ದೂರಕ್ಕೆ ಕಳಿಸುತ್ತದೆ. ಬ್ಯಾಂಕಿನವರೆಂದು ಕರೆಮಾಡಿ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುವವರೂ ಅಷ್ಟೇ. ಅಲ್ಲಿ ಬೀಗವನ್ನು ತೆರೆಯುವುದು ನಾವೇ, ನಮ್ಮದೇ ಬೆರಳಿನಿಂದ. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಬೇಕು. ದೂರನ್ನು ಬೀದರ್‌ನ ಸಿಇಎನ್ ಪೊಲೀಸ್ ಠಾಣೆಗೂ ಕೊಡಬಹುದು, ಆದರೆ ಊರಿನಿಂದ ಬಸ್ಸು ಹಿಡಿದು ಹೋಗಿ ಬರುವಷ್ಟರಲ್ಲಿ ಹಣ ಹಲವು ಖಾತೆ ದಾಟಿರುತ್ತದೆ. ಕರೆ ಮೊದಲು.

ಗಂಡನೋ ಮನೆಯವರೋ ಫೋನನ್ನು ಬಲವಂತದಿಂದ ನೋಡುವ ಮನೆಗಳಲ್ಲಿ ಖಾಸಗಿ ಜಾಗವನ್ನು ಎಚ್ಚರದಿಂದ ಬಳಸಬೇಕು. ಮರೆಮಾಡಿದ ಜಾಗ ಸಾಮಾನ್ಯವಾಗಿ ಕಣ್ಣಿಗೆ ಬೀಳದು, ನಿಜ. ಆದರೆ ಅದನ್ನು ಹುಡುಕುವ ವಿಧಾನ ಎಲ್ಲರ ಫೋನಿನಲ್ಲೂ ಒಂದೇ, ಫೋನಿನ ಬಗ್ಗೆ ಬಲ್ಲವರು ಇದೆಯೋ ಇಲ್ಲವೋ ಎಂಬುದನ್ನಾದರೂ ಕಂಡುಹಿಡಿಯಬಲ್ಲರು. ಸಿಕ್ಕಿದರೆ ಅದನ್ನು ಅಡಗಿಸಿದ್ದೇ ತಪ್ಪೆಂದು ಆಕೆಯ ಮೇಲೆ ಕೈ ಎತ್ತುವವರಿದ್ದಾರೆ. ಅಂಥ ಕಡೆ ಸಹಾಯದ ಮಾತುಕತೆಯನ್ನು ಆ ಫೋನಿನಲ್ಲಿ ಇಡದೆ ಇರುವುದೇ ಕ್ಷೇಮ. ನಂಬುವ ಇನ್ನೊಬ್ಬರ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಕೊನೆಗೆ ರಿಪೇರಿ ಮತ್ತು ಕಳವು. ರಿಪೇರಿಗೆ ಕೊಡುವಾಗ ಸ್ಯಾಮ್‌ಸಂಗ್ ಫೋನಿನಲ್ಲಿ Maintenance mode ಇದ್ದರೆ ಅದನ್ನು ಚಾಲೂ ಮಾಡಿ. ನಿಮ್ಮ ಆ್ಯಪ್, ಫೋಟೋ ಯಾವುದೂ ಕಾಣದಂತೆ ಫೋನು ಖಾಲಿಯಾಗಿ ತೆರೆಯುತ್ತದೆ, ಪಿನ್ ಬರೆದು ಕೊಡಬೇಕಿಲ್ಲ. ಬೇರೆ ಫೋನಾದರೆ ಸಿಮ್ ತೆಗೆದು, ಖಾಸಗಿ ಜಾಗಕ್ಕೆ ಬೀಗ ಹಾಕಿ ಕೊಡಿ. ಹೈದರಾಬಾದಿನ ಬಸ್ಸಿನಲ್ಲಿ ಫೋನು ಹೋದರೆ ಮೊದಲು ಮಾಡಬೇಕಾದದ್ದು ಸಿಮ್ ನಿಲ್ಲಿಸುವುದು, ಏಕೆಂದರೆ ಕಳ್ಳ ಅದನ್ನು ತೆಗೆದು ತನ್ನ ಫೋನಿಗೆ ಹಾಕಿದರೆ ಓಟಿಪಿಗಳೆಲ್ಲ ಅಲ್ಲಿಗೆ ಹೋಗುತ್ತವೆ, ನಿಮ್ಮ ಆ್ಯಪ್ ಬೀಗ ಹಳೆಯ ಫೋನಿನಲ್ಲೇ ಉಳಿಯುತ್ತದೆ. ವಾಟ್ಸ್ಆ್ಯಪಿಗೆ ಎರಡು ಹಂತದ ಪರಿಶೀಲನೆಯ ಆರಂಕಿಯ ಪಿನ್ ಮೊದಲೇ ಇಟ್ಟಿದ್ದರೆ ಸಿಮ್ ಸಿಕ್ಕವನಿಗೂ ನಿಮ್ಮ ಹೆಸರಿನಲ್ಲಿ ಅದನ್ನು ತಕ್ಷಣ ತೆರೆಯಲಾಗದು. ಆಮೇಲೆ ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ, ಪೊಲೀಸ್ ದೂರು ಕೊಟ್ಟು, ಅದರ ಪ್ರತಿಯೊಡನೆ ceir.gov.in ತಾಣದಲ್ಲಿ ಫೋನಿನ ಐಎಂಇಐ ಸಂಖ್ಯೆಯನ್ನು ತಡೆಹಿಡಿಸಬೇಕು. ಆ ಸಂಖ್ಯೆ *#06# ಒತ್ತಿದರೆ ಬರುತ್ತದೆ, ಈಗಲೇ ಬರೆದಿಟ್ಟುಕೊಳ್ಳಿ.

ಹೊಸ ಫೋನಿಗೆ ಖಾಸಗಿ ಜಾಗ ತಾನಾಗಿ ಬರುವುದಿಲ್ಲ. ಮತ್ತೆ ಮೊದಲಿನಿಂದ ಮಾಡಿಕೊಳ್ಳಬೇಕು. ಒಳಗಿದ್ದದ್ದು ಬ್ಯಾಂಕ್ ಆ್ಯಪ್ ಮಾತ್ರವಾಗಿದ್ದರೆ ಹೋದದ್ದು ಏನೂ ಇಲ್ಲ, ಹಣ ಬ್ಯಾಂಕಿನಲ್ಲಿದೆ, ಬದಲಿ ಸಿಮ್ ಬಂದ ದಿನ ಮತ್ತೆ ನೋಂದಣಿ ಮಾಡಿದರಾಯಿತು. ಚಾಟ್ ಅಲ್ಲಿ ಇಟ್ಟು ಬ್ಯಾಕಪ್ ಮಾಡದವರ ಮಾತುಕತೆ, ಫೋಟೋ ಮಾತ್ರ ಫೋನಿನೊಡನೆಯೇ ಹೋಗಿರುತ್ತದೆ.